ಹತ್ತನೇ ತರಗತಿಯ ಮೊದಲ ಪಾಠಕ್ಕೆ ಮುಂಚೆ ನಾನು ಕೇಳುವ ಪ್ರಶ್ನೆಗಳು

ಚಳ್ಳಕೆರೆ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಹತ್ತನೇ ತರಗತಿಯ ಮೊದಲ ಪಾಠ ರಾಸಾಯನಿಕ ಕ್ರಿಯೆಗಳು ಮತ್ತು ಸಮೀಕರಣಗಳು. ಮೆಗ್ನೀಸಿಯಂ ಪಟ್ಟಿ ಉರಿಸಿ ತೋರಿಸುವಾಗ ಎಲ್ಲರೂ ಮುಂದಕ್ಕೆ ಬಾಗಿ ನೋಡುತ್ತಾರೆ. ಸಮೀಕರಣ ಸರಿದೂಗಿಸುವ ಲೆಕ್ಕ ಬಂತೋ, ಹಿಂದಿನ ಬೆಂಚುಗಳು ಸುಮ್ಮನಾಗಿಬಿಡುತ್ತವೆ. ಆ ಮೌನಕ್ಕೆ ಕಾರಣ ಈ ಪಾಠದಲ್ಲಿಲ್ಲ, ಒಂಬತ್ತರಲ್ಲಿ ಕಲಿತ ಅಣು, ಪರಮಾಣು, ಸೂತ್ರಗಳಲ್ಲಿದೆ. ಅದಕ್ಕೇ ಜೂನ್‌ನಲ್ಲಿ ಸೇತುಬಂಧದ ನೈದಾನಿಕ ಪರೀಕ್ಷೆಯನ್ನು ಇಡೀ ಒಂಬತ್ತನೇ ತರಗತಿಯ ಮೇಲೆ ಹರಡುವುದು ಬಿಟ್ಟು, ಈ ಒಂದು ಪಾಠಕ್ಕೆ ಬೇಕಾದ ಹಿಂದಿನ ಕಲಿಕೆಗೆ ಮಾತ್ರ ಒಂದು ಸಣ್ಣ ಪರೀಕ್ಷೆ ಮಾಡಿಕೊಂಡೆ.

ಮೊದಲು ಪಾಠವನ್ನು ಹಿಂದಿನಿಂದ ಬಿಚ್ಚಿದೆ. ಸಮೀಕರಣ ಸರಿದೂಗಿಸಬೇಕಾದರೆ ಮಗುವಿಗೆ ಏನೇನು ಗೊತ್ತಿರಬೇಕು? ಧಾತುವಿನ ಸಂಕೇತ ಓದಲು ಬರಬೇಕು. ಸೂತ್ರದ ಕೆಳಗಿನ ಅಂಕಿಗೂ ಮುಂದಿನ ಅಂಕಿಗೂ ಇರುವ ವ್ಯತ್ಯಾಸ ತಿಳಿದಿರಬೇಕು. ಆವರಣದ ಹೊರಗಿನ ಅಂಕಿ ಒಳಗಿನ ಎಲ್ಲದಕ್ಕೂ ಅನ್ವಯಿಸುತ್ತದೆ ಎಂದು ಗೊತ್ತಿರಬೇಕು. ಕ್ರಿಯೆಯಲ್ಲಿ ರಾಶಿ ಮಾಯವಾಗುವುದಿಲ್ಲ ಎಂಬ ನಂಬಿಕೆ ಇರಬೇಕು. ಒಂದೊಂದಕ್ಕೂ ಒಂದೆರಡು ಪ್ರಶ್ನೆ ಸಾಕು. ಆದರೆ ಒಂದು ಪ್ರಶ್ನೆ ಒಂದನ್ನೇ ಅಳೆಯಬೇಕು. ಸಂಕೇತವೂ ವೇಲೆನ್ಸಿಯೂ ಲೆಕ್ಕವೂ ಒಂದೇ ಪ್ರಶ್ನೆಯಲ್ಲಿ ಬೆರೆತರೆ, ಉತ್ತರ ತಪ್ಪಿದಾಗ ಯಾವುದು ಕೈಕೊಟ್ಟಿತು ಎಂದು ತಿಳಿಯುವುದಿಲ್ಲ.

ಅಂಕಿಗಳ ಆಯ್ಕೆಯಲ್ಲೇ ಅರ್ಧ ಕೆಲಸವಿದೆ. 2H₂O ನಲ್ಲಿ ಎಷ್ಟು ಹೈಡ್ರೋಜನ್ ಪರಮಾಣುಗಳಿವೆ ಎಂದು ಕೇಳುವುದು ರೂಢಿ. ಸರಿ ಉತ್ತರ 4. ಎರಡನ್ನು ಎರಡರಿಂದ ಗುಣಿಸಿದರೂ 4, ಎರಡಕ್ಕೆ ಎರಡು ಕೂಡಿಸಿದರೂ 4. ಕೂಡಿಸಿದ ಮಗುವಿಗೂ ಪೂರ್ತಿ ಅಂಕ ಹೋಗುತ್ತದೆ. ಅದಕ್ಕೇ ನಾನು 3H₂O ಕೇಳುತ್ತೇನೆ. ಗುಣಿಸಿದವರಿಗೆ 6, ಕೂಡಿಸಿದವರಿಗೆ 5, ಮುಂದಿನ ಅಂಕಿ ಬಿಟ್ಟವರಿಗೆ 2, ಕೆಳಗಿನ ಅಂಕಿ ಬಿಟ್ಟವರಿಗೆ 3. ನಾಲ್ಕು ಬಗೆಯ ಯೋಚನೆಗೆ ನಾಲ್ಕು ಬೇರೆ ಉತ್ತರ. ಇವೇ ಆಯ್ಕೆಗಳು, ಐದನೆಯದು ‘ಗೊತ್ತಿಲ್ಲ’. ಇದನ್ನು ಕೊಡದಿದ್ದರೆ ಮಕ್ಕಳು ಕಣ್ಣುಮುಚ್ಚಿ ಒಂದಕ್ಕೆ ಗುರುತು ಹಾಕುತ್ತಾರೆ, ಆ ಗುರುತನ್ನು ನಂಬಿ ನಾವು ಇಲ್ಲದ ತಪ್ಪುಕಲ್ಪನೆಗೆ ಪಾಠ ಮಾಡುತ್ತೇವೆ.

ಆವರಣಕ್ಕೆ ಸುಣ್ಣದ ತಿಳಿಯ Ca(OH)₂ ಕೊಟ್ಟೆ, ಆಕ್ಸಿಜನ್ ಎಷ್ಟು ಎಂದು ಕೇಳಿದೆ. ಒಂದು ಎಂದವರು ಹೊರಗಿನ 2 ನ್ನು ಪಕ್ಕದ H ಗೆ ಮಾತ್ರ ಅಂಟಿಸಿಕೊಂಡಿದ್ದಾರೆ. ರಾಶಿಗೆ ಮೆಗ್ನೀಸಿಯಂ ಪ್ರಶ್ನೆ: 2.4 ಗ್ರಾಂ ಪಟ್ಟಿ ಪೂರ್ತಿ ಉರಿದು ಬಿಳಿ ಪುಡಿಯಾದರೆ, ಆ ಪುಡಿಯ ತೂಕ ಹೆಚ್ಚೋ, ಕಡಿಮೆಯೋ, ಅಷ್ಟೇನೋ? ನಮ್ಮ ಮಕ್ಕಳಲ್ಲಿ ಬಹಳ ಜನ ಕಡಿಮೆ ಎನ್ನುತ್ತಾರೆ. ಒಲೆಯಲ್ಲಿ ಸೌದೆ ಬೂದಿಯಾಗುವುದನ್ನು ದಿನಾ ನೋಡುವವರು ಬೇರೇನು ಹೇಳಿಯಾರು? ಗಾಳಿಯಿಂದ 1.6 ಗ್ರಾಂ ಆಕ್ಸಿಜನ್ ಸೇರಿ 4 ಗ್ರಾಂ ಆಗುತ್ತದೆ ಎಂಬುದು ಅವರ ಕಣ್ಣಿಗೆ ಬೀಳುವುದಿಲ್ಲ.

ಕೊನೆಗೆ ಒಂದು ಚಿತ್ರ. 2H₂O ಅಂದರೆ ಏನು ಎಂದು ಪರಮಾಣುಗಳನ್ನು ವೃತ್ತಗಳಾಗಿ ಬರೆದು ತೋರಿಸಿ. ಇಲ್ಲಿ 2 ಇದ್ದರೂ ತೊಂದರೆಯಿಲ್ಲ, ಎಣಿಕೆಗಿಂತ ಜೋಡಣೆ ಮುಖ್ಯ. ನನಗೆ ಹೆಚ್ಚು ಕಲಿಸಿದ್ದು ಈ ಪ್ರಶ್ನೆಯೇ. 3H₂O ಗೆ ಸರಿಯಾಗಿ 6 ಎಂದು ಗುರುತು ಹಾಕಿದವರಲ್ಲೂ ಕೆಲವರು ನಾಲ್ಕು ಹೈಡ್ರೋಜನ್, ಎರಡು ಆಕ್ಸಿಜನ್ ಎಲ್ಲವನ್ನೂ ಒಂದಕ್ಕೊಂದು ಅಂಟಿಸಿ ಒಂದೇ ಅಣು ಮಾಡಿದ್ದರು. ಅವರಿಗೆ ಲೆಕ್ಕ ಬರುತ್ತದೆ, ಅಣು ಅಂದರೇನು ಎಂಬುದು ಬಂದಿಲ್ಲ.

ಪರೀಕ್ಷೆಗೆ ಒಂದೇ ಪೀರಿಯಡ್. ಅಂಕ ಕೊಡುವುದಿಲ್ಲ ಎಂದು ಮೊದಲೇ ಹೇಳುತ್ತೇನೆ. ಓದುವುದರಲ್ಲಿ ಹಿಂದಿರುವವರು ಓದಲಾಗದೆ ತಪ್ಪು ಮಾಡಬಾರದು, ಅದಕ್ಕೆ ಪ್ರತಿ ಪ್ರಶ್ನೆಯನ್ನೂ ಗಟ್ಟಿಯಾಗಿ ಓದುತ್ತೇನೆ. ಆಮೇಲೆ ಉದ್ದದ ನೋಟ್‌ಬುಕ್ಕಿನಲ್ಲಿ ಅಡ್ಡ ಸಾಲಿಗೆ ಮಗುವಿನ ಹೆಸರು, ಮೇಲೆ ಪ್ರಶ್ನೆ ಸಂಖ್ಯೆ. ಮನೆಗಳಲ್ಲಿ ಸರಿ, ತಪ್ಪು ಹಾಕುವುದಿಲ್ಲ. ಮಗು ಆರಿಸಿದ ಉತ್ತರವನ್ನೇ ಬರೆಯುತ್ತೇನೆ. ಮೊತ್ತ ಕೂಡಿಸುವುದಿಲ್ಲ. ಕಾಲಮ್ಮನ್ನು ಮೇಲಿನಿಂದ ಕೆಳಕ್ಕೆ ಓದುತ್ತೇನೆ. ಅರ್ಧಕ್ಕಿಂತ ಹೆಚ್ಚು ಮಂದಿ ತಪ್ಪಿದ್ದು ಇಡೀ ತರಗತಿಯ ಪಾಠವಾಗುತ್ತದೆ, ನಾಲ್ಕೈದು ಮಂದಿ ತಪ್ಪಿದ್ದು ಮಧ್ಯಾಹ್ನದ ಬಿಸಿಯೂಟದ ನಂತರದ ಸಣ್ಣ ಗುಂಪಿನ ಕೆಲಸವಾಗುತ್ತದೆ.

ಕಾಗದ ಎಲ್ಲವನ್ನೂ ಹೇಳುವುದಿಲ್ಲ. 3H₂O ಗೆ 5 ಬರೆದಿದ್ದ ಒಬ್ಬ ಹುಡುಗಿಯನ್ನು ಪಕ್ಕಕ್ಕೆ ಕೂರಿಸಿ, “ಹೇಗೆ ಬಂತಮ್ಮ ಇದು?” ಎಂದೆ.

“ಮುಂದೆ ಮೂರು ಐತೆ ಮಿಸ್, ಕೆಳಗೆ ಎರಡು. ಎಲ್ಡೂ ಹೈಡ್ರೋಜನ್ದೇ ಅಲ್ವಾ, ಕೂಡ್ಸಿದೆ.”

“ಹಂಗಾದ್ರೆ ಆಕ್ಸಿಜನ್ ಎಷ್ಟು?”

“ಒಂದೇ ಮಿಸ್. ಮೂರು ಮುಂದೈತಲ್ಲ, ಅದು ಹೈಡ್ರೋಜನ್ಗೆ.”

ಅವಳ ಗೊಂದಲ ಕೂಡುವ, ಗುಣಿಸುವ ಗಣಿತದ್ದಲ್ಲ. ಮುಂದಿನ ಅಂಕಿ ಇಡೀ ಅಣುವಿಗೆ ಸೇರಿದ್ದು ಎಂಬುದೇ ಅವಳಿಗೆ ತಿಳಿದಿರಲಿಲ್ಲ. ಗುಣಾಕಾರದ ಅಭ್ಯಾಸ ಎಷ್ಟು ಕೊಟ್ಟಿದ್ದರೂ ಅದು ಸರಿಹೋಗುತ್ತಿರಲಿಲ್ಲ.

ಇದಕ್ಕೆ ಶೇಂಗಾ ಬೀಜ, ಹುಣಸೆ ಬೀಜ, ಹಳೆ ನೋಟ್‌ಬುಕ್ಕಿನ ಹಾಳೆ ತಂದೆ. ಶೇಂಗಾ ಹೈಡ್ರೋಜನ್, ಹುಣಸೆ ಬೀಜ ಆಕ್ಸಿಜನ್. ಎರಡು ಶೇಂಗಾ, ಒಂದು ಹುಣಸೆ ಬೀಜ ಸೇರಿಸಿ ಪೊಟ್ಟಣ ಕಟ್ಟಿದರೆ H₂O. ಪೊಟ್ಟಣದೊಳಗಿನದು ಕೆಳಗಿನ ಅಂಕಿ, ಪೊಟ್ಟಣಗಳ ಸಂಖ್ಯೆ ಮುಂದಿನ ಅಂಕಿ. ಮೂರು ಪೊಟ್ಟಣ ಕಟ್ಟಿ ಬಿಚ್ಚಿ ಎಣಿಸಿದಾಗ ಆ ಹುಡುಗಿ ತಾನೇ ಮೂರು ಹುಣಸೆ ಬೀಜ ಎತ್ತಿ ತೋರಿಸಿದಳು. ನಂತರ ಕ್ರಿಯೆ: ಎರಡು ಶೇಂಗಾದ ಒಂದು ಪೊಟ್ಟಣ, ಎರಡು ಹುಣಸೆ ಬೀಜದ ಒಂದು ಪೊಟ್ಟಣ ಕೊಟ್ಟು, ಬಿಚ್ಚಿ ನೀರಿನ ಪೊಟ್ಟಣ ಕಟ್ಟಿ ಎಂದೆ. ಒಂದೇ ಕಟ್ಟಲು ಸಾಧ್ಯವಾಯಿತು, ಒಂದು ಹುಣಸೆ ಬೀಜ ಉಳಿಯಿತು. ಅದನ್ನೂ ಅದೇ ಪೊಟ್ಟಣಕ್ಕೆ ತುರುಕಿದರೆ ಅದು H₂O₂, ನೀರಲ್ಲ. ಶೇಂಗಾದ ಇನ್ನೊಂದು ಪೊಟ್ಟಣ ತಂದರೆ ಎಲ್ಲಾ ಮುಗಿದು ಎರಡು ನೀರಿನ ಪೊಟ್ಟಣ. 2H₂ + O₂ → 2H₂O ಬೋರ್ಡಿಗೆ ಬಂದದ್ದು ಅದಾದ ಮೇಲೆ. ಬೀಜಗಳ ತೂಕ ಪರಮಾಣುಗಳ ತೂಕದ ಹಾಗಿಲ್ಲ, ಆದ್ದರಿಂದ ರಾಶಿಯ ಪ್ರಶ್ನೆಗೆ ಇದನ್ನು ಬಳಸಬಾರದು. ಅದಕ್ಕೆ 2.4, 1.6, 4 ಗ್ರಾಂ ಲೆಕ್ಕವನ್ನೇ ಬೇರೆಯಾಗಿ ಮಾಡಿಸಿದೆ.

ಪಾಠ ಶುರುಮಾಡುವ ಮುಂಚೆ ಅದೇ ಪ್ರಶ್ನೆಗಳನ್ನು ಬೇರೆ ಅಂಕಿಗಳಲ್ಲಿ ಮತ್ತೆ ಕೇಳುತ್ತೇನೆ. 4NH₃ ನಲ್ಲಿ ಹೈಡ್ರೋಜನ್: ಸರಿ ಉತ್ತರ 12, ಕೂಡಿಸಿದವರಿಗೆ 7, ಒಂದು ಅಂಕಿ ಬಿಟ್ಟವರಿಗೆ 3 ಅಥವಾ 4. ಅದೇ 3H₂O ಕೊಟ್ಟರೆ 6 ನ್ನು ನೆನಪಿನಿಂದ ಬರೆಯುತ್ತಾರೆ. ಇಲ್ಲೂ ಚಿತ್ರದ ಪ್ರಶ್ನೆ ಬಿಡುವುದಿಲ್ಲ, ಯಾಕೆಂದರೆ ಸುಧಾರಿಸಲು ಹೆಚ್ಚು ಹೊತ್ತು ಹಿಡಿಯುವುದು ಅದೇ.

ಪಠ್ಯದಲ್ಲಿ Fe + H₂O → Fe₃O₄ + H₂ ಸರಿದೂಗಿಸುವ ಉದಾಹರಣೆ ಬಂದಾಗ, ಆಕ್ಸಿಜನ್ ನಾಲ್ಕು ಬೇಕೆಂದು ಒಬ್ಬ ಹುಡುಗ H₂O₄ ಎಂದು ಬರೆದ. ಅದೇ ಹುಡುಗಿ ತಿರುಗಿ, “ಪೊಟ್ಟಣದೊಳಕ್ಕೆ ಕೈ ಹಾಕ್ಬಾರ್ದು ಕಣೋ, ನಾಲ್ಕು ಪೊಟ್ಟಣ ತಗೋ” ಎಂದಳು. 4H₂O ಆಯಿತು, ಅದರಿಂದ ಬಲಗಡೆ 4H₂, ಎಡಗಡೆ 3Fe.

ಈ ಪರೀಕ್ಷೆ ಈ ಪಾಠಕ್ಕೆ ಮಾತ್ರ. ವಿದ್ಯುಚ್ಛಕ್ತಿ ಪಾಠದಲ್ಲಿ ಸಮಾಂತರ ಜೋಡಣೆಯ ರೋಧಕ್ಕೆ 1/R ಕೂಡಿಸಬೇಕು, ಅಲ್ಲಿ ಕೈಕೊಡುವುದು ಭಿನ್ನರಾಶಿ. ಅದಕ್ಕೆ ಮುಂಚೆ ನಾನು 1/2 + 1/3 ಕೇಳುತ್ತೇನೆ. ಉತ್ತರದಲ್ಲಿ 2/5 ಎಷ್ಟು ಮಂದಿಯದಿದೆ ಎಂದು ಆ ಕಾಲಮ್ಮಿನಲ್ಲಿ ಮೊದಲು ನೋಡುತ್ತೇನೆ.