ಹಲವು ಭಾಷೆಯ ಜೋಡಣೆ ಕೈಪಿಡಿಯಿಂದ ಒಂದೇ ಕನ್ನಡ ಪಟ್ಟಿ

ಬಿಡಿ ಹಲಗೆಗಳಾಗಿ ಬರುವ ಡ್ರಾಯರ್ ಕಪಾಟಿನ ಕೈಪಿಡಿಯಲ್ಲಿ ಚಿತ್ರ ಜಾಸ್ತಿ, ಮಾತು ಕಡಿಮೆ. ಇರುವ ಮಾತೂ ಹಲವು ಭಾಷೆಗಳಲ್ಲಿ ಚೆಲ್ಲಾಡಿರುತ್ತದೆ. ಎಚ್ಚರಿಕೆಗಳು ಹೆಚ್ಚಾಗಿ ಮೊದಲ ಪುಟದಲ್ಲೇ ಗುಂಪಾಗಿರುತ್ತವೆ. ಅವು ಬೇಕಾಗುವ ಹಂತ ಬರುವಷ್ಟರಲ್ಲಿ ಮರೆತೇ ಹೋಗಿರುತ್ತವೆ, ಅಲ್ವಾ? ಅದಕ್ಕೇ ಕೆಲಸಕ್ಕೆ ಕೂರುವ ಮೊದಲು ಒಂದು ಪಟ್ಟಿ ಬರೆದುಕೊಳ್ಳಬೇಕು.

ಪ್ರತಿ ಪುಟವನ್ನೂ ನೇರ ಮೇಲಿನಿಂದ, ಪುಟಸಂಖ್ಯೆ ಕಾಣುವಂತೆ ಫೋಟೊ ತೆಗೆಯಿರಿ. ಸ್ಕ್ರೂಗಳ ಪುಟದಲ್ಲಿ ಮಾತ್ರ ಎಚ್ಚರ ಬೇಕು. ಎಷ್ಟೋ ಕೈಪಿಡಿಗಳಲ್ಲಿ ಸ್ಕ್ರೂಗಳನ್ನು ನಿಜವಾದ ಅಳತೆಯಲ್ಲೇ ಮುದ್ರಿಸಿರುತ್ತಾರೆ, ಪಕ್ಕದಲ್ಲಿಟ್ಟು ಹೋಲಿಸಲಿ ಅಂತ. ಫೋಟೊದಲ್ಲಿ ಆ ಅಳತೆ ಉಳಿಯುವುದಿಲ್ಲ. ಹಾಗಾಗಿ ಸ್ಕೇಲ್ ಹಿಡಿದು ಅಳೆದು, ಉದ್ದವನ್ನು ಮಿಲಿಮೀಟರ್‌ನಲ್ಲಿ ಪಟ್ಟಿಗೆ ಸೇರಿಸಿ. ಉದ್ದದ ಸ್ಕ್ರೂ ತಪ್ಪು ಜಾಗಕ್ಕೆ ಹೋದರೆ ಹಲಗೆಯ ಆಚೆ ಬದಿಗೆ ತೂರಿ ಬರುತ್ತದೆ.

ಆಮೇಲೆ ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಭಾಷೆಯಿಂದ ಬರೆಯಿರಿ, ಇನ್ನೊಂದನ್ನು ತಾಳೆ ನೋಡಲು ಇಟ್ಟುಕೊಳ್ಳಿ. ಅಂಕಿಗಳು ಎಲ್ಲ ಭಾಷೆಯಲ್ಲೂ ಒಂದೇ ಇರಬೇಕು. ಜರ್ಮನ್, ಫ್ರೆಂಚ್ ಪಠ್ಯದಲ್ಲಿ 3,5 ಅಂದರೆ ಮೂರೂವರೆ. ಅಲ್ಲಿನ ಅಲ್ಪವಿರಾಮವೇ ದಶಮಾಂಶದ ಚುಕ್ಕಿ. ಯಾವ ಬದಿ, ಯಾವ ರಂಧ್ರ ಎಂಬುದಕ್ಕೆ ಚಿತ್ರವನ್ನು ನಂಬಿ. ‘ಈಗಲೇ ಬಿಗಿ ಮಾಡಬೇಡಿ’ ಎಂಬಂಥದ್ದನ್ನು ಚಿತ್ರದಲ್ಲಿ ತೋರಿಸುವುದು ಕಷ್ಟ. ಅದನ್ನು ಮಾತಿನಲ್ಲಿ ಹುಡುಕಬೇಕು.

ಬರೆಯುವಾಗ ಒಂದು ಸಂಖ್ಯೆಗೆ ಒಂದೇ ಕೆಲಸ. ಎಚ್ಚರಿಕೆ ಆ ಕೆಲಸಕ್ಕಿಂತ ಮೊದಲು ಬರಬೇಕು, ನಂತರ ಅಲ್ಲ. ನಾಲ್ಕು ಡ್ರಾಯರ್ ಕಪಾಟಿನ ಪಟ್ಟಿಯ ಒಂದು ತುಣುಕು ಹೀಗಿರುತ್ತದೆ:

ಎಚ್ಚರಿಕೆ: ಬೋಲ್ಟ್ ಹಿಡಿಯುವ ದುಂಡು ಬಿಲ್ಲೆಯಾದ ಕ್ಯಾಮ್ ಲಾಕ್‌ನ ಬಾಣದ ಗುರುತು ಬೋಲ್ಟ್ ಒಳಬರುವ ಅಂಚಿನ ಕಡೆಗೇ ಇರಬೇಕು. ಇಲ್ಲದಿದ್ದರೆ ಬೋಲ್ಟ್ ಒಳಗೆ ಹೋಗುವುದಿಲ್ಲ.
6. ಮೇಲಿನ ಹಲಗೆಯ ರಂಧ್ರಗಳಲ್ಲಿ 4 ಕ್ಯಾಮ್ ಲಾಕ್ ಇಡಿ.
7. ಆ ಹಲಗೆಯನ್ನು ಪಕ್ಕದ ಹಲಗೆಗಳ ಬೋಲ್ಟ್‌ಗಳ ಮೇಲೆ ಕೂರಿಸಿ. (ಇಬ್ಬರು ಬೇಕು)
8. ಸಂದಿ ಉಳಿದಿಲ್ಲವೆಂದು ನೋಡಿ, ಲಾಕ್‌ಗಳನ್ನು ಸ್ಕ್ರೂಡ್ರೈವರ್‌ನಿಂದ ಬಲಕ್ಕೆ ತಿರುಗಿಸಿ.
ಎಚ್ಚರಿಕೆ: ಚೌಕಟ್ಟು ಓರೆಯಾಗಿದ್ದರೆ ಡ್ರಾಯರ್ ಸಿಕ್ಕಿಕೊಳ್ಳುತ್ತದೆ.
9. ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ. ಎರಡೂ ಸಮ ಬಂದ ಮೇಲೆ ಹಿಂಬದಿ ಹಲಗೆಗೆ ಮೊಳೆ ಹೊಡೆಯಿರಿ.

ಒಂಬತ್ತನೆಯದರಲ್ಲಿರುವ ಅಳತೆ ಕೈಪಿಡಿಯ ಚಿತ್ರದಲ್ಲಿ ಇಲ್ಲದೆಯೂ ಇರಬಹುದು. ಆದರೂ ಸೇರಿಸಿ. ಮೊಳೆ ಹೊಡೆದ ಮೇಲೆ ಚೌಕಟ್ಟನ್ನು ನೆಟ್ಟಗೆ ಮಾಡುವುದು ಕಷ್ಟ.

ಕೊನೆಯದಾಗಿ, ಕಪಾಟನ್ನು ಗೋಡೆಗೆ ಕಟ್ಟುವ ಬೆಲ್ಟ್. ಇದನ್ನು ಪುಟದ ಅಡಿಯಲ್ಲಿ ಸೂಚನೆಯಾಗಿ ಬರೆಯದೆ, ಸಂಖ್ಯೆ ಕೊಟ್ಟು, ಡ್ರಾಯರ್ ಹಾಕುವ ಹಂತಕ್ಕಿಂತ ಮೊದಲೇ ಬರೆಯಿರಿ. ಎರಡು ಮೂರು ಡ್ರಾಯರ್ ಒಟ್ಟಿಗೆ ತೆರೆದರೆ, ಇಲ್ಲವೇ ಮಗು ಹತ್ತಿದರೆ, ಭಾರ ಮುಂದಕ್ಕೆ ಬಂದು ಕಪಾಟು ಉರುಳಬಹುದು. ಗೋಡೆಗಳು ಬೇರೆ ಬೇರೆ ಬಗೆಯವಾದ್ದರಿಂದ ಗೋಡೆಯ ಸ್ಕ್ರೂ ಎಷ್ಟೋ ಸಲ ಪೆಟ್ಟಿಗೆಯಲ್ಲಿ ಬರುವುದಿಲ್ಲ. ‘ಗೋಡೆಗೆ ತಕ್ಕ ಸ್ಕ್ರೂ, ಪ್ಲಗ್ ತರಬೇಕು’ ಎಂದು ಪಟ್ಟಿಯ ಮೊದಲ ಸಾಲಲ್ಲೇ ಬರೆದಿಡಿ.