ಹಂಚಿಕೊಂಡ ಪ್ರಿಂಟರ್ ಸೇರಿಸುವಾಗ 0x0000011b ದೋಷ ಬಂದರೆ

ದಾವಣಗೆರೆಯ ಮಂಡಿಪೇಟೆಯ ಒಂದು ಅಂಗಡಿಯಲ್ಲಿ, ಬಿಲ್ಲಿಂಗ್ ಕಂಪ್ಯೂಟರ್‌ಗೆ ಜೋಡಿಸಿದ ಪ್ರಿಂಟರನ್ನು ಗೋದಾಮಿನ ಹಳೆಯ ವಿಂಡೋಸ್ 7 ಕಂಪ್ಯೂಟರ್‌ನಲ್ಲಿ ಸೇರಿಸಲು ಹೋದಾಗಲೆಲ್ಲ 0x0000011b ಎಂಬ ದೋಷ ಕಾಣಿಸುತ್ತಿತ್ತು. ಸ್ಪೂಲರ್ ಅನ್ನು ಮೂರು ಬಾರಿ ಮರುಚಾಲನೆ ಮಾಡಿದರೂ ಫಲವಿರಲಿಲ್ಲ.

ನಾನು ಮೊದಲು ಗೋದಾಮಿನ ಕಂಪ್ಯೂಟರ್‌ನಲ್ಲಿ ವಿಂಡೋಸ್ ಕೀಲಿಯೊಂದಿಗೆ R ಒತ್ತಿ ಹೀಗೆ ಬರೆದೆ:

```
\\BILLING-PC
```

ಪ್ರಿಂಟರ್ ಪಟ್ಟಿ ತೆರೆಯಿತು. ಅಂದರೆ ಹೆಸರು ಹುಡುಕುವಿಕೆಯೂ ಪ್ರವೇಶದ ಅನುಮತಿಯೂ ಸರಿಯಾಗಿಯೇ ಇದ್ದವು. ಹೆಸರಿಗೆ ತೆರೆಯದೆ ಐಪಿ ವಿಳಾಸಕ್ಕೆ ಮಾತ್ರ ತೆರೆದಿದ್ದರೆ ದೋಷ ಹೆಸರಿನದು, ಪಾಸ್‌ವರ್ಡ್ ಕೇಳಿ ನಿರಾಕರಿಸಿದ್ದರೆ ಅನುಮತಿಯದು.

ಇಲ್ಲಿ ಕಾರಣ ಬೇರೆ. 2021ರ ಸೆಪ್ಟೆಂಬರ್ ಅಪ್‌ಡೇಟ್‌ನಿಂದ, ಪ್ರಿಂಟರ್ ಹಂಚುವ ಕಂಪ್ಯೂಟರ್ ಸಂಪರ್ಕಕ್ಕೆ ಹೆಚ್ಚಿನ ಭದ್ರತೆ ಕೇಳುತ್ತದೆ. ಅಪ್‌ಡೇಟ್ ಆಗದ ಕಂಪ್ಯೂಟರ್ ಅದನ್ನು ಪೂರೈಸಲಾರದು. ಎರಡನ್ನೂ ಅಪ್‌ಡೇಟ್ ಮಾಡುವುದೇ ನೇರ ಪರಿಹಾರ. ರಿಜಿಸ್ಟ್ರಿಯಲ್ಲಿ ಆ ಭದ್ರತೆಯನ್ನೇ ಆಫ್ ಮಾಡುವ ಸಲಹೆ ಎಲ್ಲೆಡೆ ಸಿಗುತ್ತದೆ, ನಾನು ಒಪ್ಪುವುದಿಲ್ಲ.

ಹಳೆಯ ಕಂಪ್ಯೂಟರ್ ಉಳಿಸಿಕೊಳ್ಳಲೇಬೇಕಿದ್ದುದರಿಂದ, ಲೋಕಲ್ ಪ್ರಿಂಟರ್ ಸೇರಿಸುವ ಆಯ್ಕೆಯಲ್ಲಿ Create a new port, ನಂತರ Local Port ಆರಿಸಿ, ಪೋರ್ಟ್‌ನ ಹೆಸರಾಗಿ ಇದನ್ನು ಕೊಟ್ಟೆ:

```
\\BILLING-PC\HP1020
```

ಕೊನೆಯ ಭಾಗ ಪ್ರಿಂಟರ್‌ನ ಹಂಚಿಕೆ ಹೆಸರು. ಅದರಲ್ಲಿ ಖಾಲಿ ಜಾಗ ಇಲ್ಲದಿದ್ದರೆ ಒಳ್ಳೆಯದು. ಡ್ರೈವರನ್ನು ಆ ಕಂಪ್ಯೂಟರ್‌ನಲ್ಲಿ ಪ್ರತ್ಯೇಕವಾಗಿ ಹಾಕಬೇಕಾಯಿತು. ಮುದ್ರಣ ಸರಿಯಾಗಿ ಬಂತು, ಆದರೆ ಕಾಗದ ಮುಗಿದ ಸೂಚನೆ ಮಾತ್ರ ಗೋದಾಮಿನ ಪರದೆಗೆ ತಲುಪುವುದಿಲ್ಲ.