‘ತಕ್ಷಣ ಬನ್ನಿ’ ಎಂದು ಬರೆಯುವುದನ್ನು ಬಿಟ್ಟ ಮೇಲೆ ದಾನಿಗಳು ಬಂದರು

ದಾವಣಗೆರೆಯಲ್ಲಿ ನಮ್ಮದೊಂದು ಸಣ್ಣ ರಕ್ತದಾನಿಗಳ ಬಳಗವಿದೆ. ಹರಿಹರ, ಚನ್ನಗಿರಿ, ಹರಪನಹಳ್ಳಿಗಳಿಂದ ಇಲ್ಲಿನ ಆಸ್ಪತ್ರೆಗಳಿಗೆ ಬರುವ ರೋಗಿಗಳ ಮನೆಯವರು ಕಳಿಸುವ ಮನವಿಗಳು ಮೊದಲು ನನ್ನ ಫೋನಿಗೆ ಬರುತ್ತವೆ. ಸುಮಾರು ಎಂಟು ವರ್ಷಗಳಿಂದ ನಾನು ಅವನ್ನು ಇದ್ದಂತೆಯೇ ಮುಂದೆ ಕಳಿಸದೆ ತಿದ್ದಿ ಬರೆದು ಕಳಿಸುತ್ತಿದ್ದೇನೆ. ಆರಂಭದಲ್ಲಿ ಬಳಗದ ಹಿರಿಯರು ಇದನ್ನು ಒಪ್ಪಲಿಲ್ಲ. ಜೀವ ಹೋಗುವ ಹೊತ್ತಿನಲ್ಲಿ ಭಾಷೆ ತಿದ್ದುತ್ತ ಕೂರಬಾರದು ಎಂಬುದು ಅವರ ವಾದವಾಗಿತ್ತು. ಈಗ ಅವರೇ ತಮಗೆ ಬಂದ ಮನವಿಗಳನ್ನು ನನಗೆ ಕಳಿಸಿ, ‘ಒಮ್ಮೆ ನೋಡಿ ಕೊಡಿ’ ಎನ್ನುತ್ತಾರೆ.

ನಮಗೆ ಬರುವ ಮನವಿಯ ಮಾದರಿ ನಿಮಗೆಲ್ಲ ಗೊತ್ತು: ‘ಅರ್ಜೆಂಟ್ ಅರ್ಜೆಂಟ್!!! ಬಿ ಪಾಸಿಟಿವ್ ಬ್ಲಡ್ ಬೇಕು. ಪೇಷಂಟ್ ಸೀರಿಯಸ್. ದಯವಿಟ್ಟು ತಕ್ಷಣ ಕಾಲ್ ಮಾಡಿ. ನಿರ್ಲಕ್ಷ್ಯ ಮಾಡಬೇಡಿ. ಎಲ್ಲ ಗ್ರೂಪಿಗೂ ಕಳಿಸಿ.’ ಇಷ್ಟರಲ್ಲಿ ಮೂರು ಆಜ್ಞೆಗಳಿವೆ. ಯಾವ ಊರು, ಎಷ್ಟು ಹೊತ್ತಿನೊಳಗೆ, ಎಷ್ಟು ಜನ ಎಂಬ ಮೂರರಲ್ಲಿ ಒಂದೂ ಇಲ್ಲ. ‘ನಿರ್ಲಕ್ಷ್ಯ ಮಾಡಬೇಡಿ’ ಎಂಬುದಂತೂ ಓದುವವನು ತಪ್ಪು ಮಾಡುವ ಮೊದಲೇ ಅವನ ಮೇಲೆ ಹೊರಿಸಿದ ಆರೋಪವಾಗುತ್ತದೆ.

ನನ್ನ ಮೊದಲ ತಿದ್ದುಪಡಿ ಪ್ರತಿ ವಾಕ್ಯಕ್ಕೂ ‘ದಯವಿಟ್ಟು’ ಸೇರಿಸುವುದಾಗಿತ್ತು. ಅದರಿಂದ ಏನೂ ಆಗಲಿಲ್ಲ. ಕನ್ನಡದಲ್ಲಿ ‘ದಯವಿಟ್ಟು ಸಾಲಿನಲ್ಲಿ ನಿಲ್ಲಿ’ ಎಂಬ ಫಲಕವನ್ನು ಯಾರೂ ವಿನಂತಿಯೆಂದು ಓದುವುದಿಲ್ಲ. ‘ನಿಲ್ಲಿ’ ಎಂಬ ಕ್ರಿಯಾಪದ ಆಜ್ಞೆಯಾಗಿಯೇ ಉಳಿಯುತ್ತದೆ. ಅದೇ ಕಾಲದಲ್ಲಿ ಒಂದು ಮಳೆಗಾಲಕ್ಕೆಂದು ಸುಮಾರು ನಾಲ್ಕು ಸಾವಿರ ರೂಪಾಯಿ ಕೊಟ್ಟು, ಅಂತಹ ‘ದಯವಿಟ್ಟು’ ತುಂಬಿದ ಸಂದೇಶಗಳನ್ನು ಎಸ್‌ಎಂಎಸ್ ಮೂಲಕ ಕಳಿಸಿ ನೋಡಿದೆ. ನೆನಪಿರುವಂತೆ ಬಂದವರು ಇಬ್ಬರು, ಅವರೂ ನನ್ನ ಪರಿಚಯದವರೇ.

ಎರಡನೆಯ ತಪ್ಪು ಇದಕ್ಕೆ ವಿರುದ್ಧ ದಿಕ್ಕಿನದು. ‘ತಮ್ಮ ಅಮೂಲ್ಯ ಸಮಯದಲ್ಲಿ ಬಿಡುವು ಮಾಡಿಕೊಂಡು, ಸಾಧ್ಯವಾದಲ್ಲಿ ಬಂದು ಸಹಕರಿಸಬೇಕಾಗಿ ಸವಿನಯವಾಗಿ ಕೋರುತ್ತೇವೆ’ ಎಂದು ಬರೆದೆ. ರಕ್ತದ ಗುಂಪು ಏಳನೆಯ ಸಾಲಿನಲ್ಲಿತ್ತು. ಒಬ್ಬ ಸಜ್ಜನರು ಅದನ್ನು ಓದಿ, ಬಿಡುವಾದಾಗ ಎಂದೇ ತಿಳಿದು ಮರುದಿನ ಬೆಳಿಗ್ಗೆ ಬಂದರು. ಅಷ್ಟರಲ್ಲಿ ರೋಗಿಯ ಮನೆಯವರು ರಾತ್ರಿಯೇ ಬಾಡಿಗೆ ಕಾರು ಮಾಡಿ, ಮೂರೂವರೆ ಸಾವಿರದಷ್ಟು ಖರ್ಚು ಮಾಡಿಕೊಂಡು, ಬೇರೆ ಊರಿನ ಬಂಧುವೊಬ್ಬರನ್ನು ಕರೆತಂದಿದ್ದರು. ಆ ಹಣ ನನ್ನ ವಾಕ್ಯದ ತಪ್ಪಿನಿಂದ ಹೋದದ್ದೆಂದು ಇಂದಿಗೂ ನನಗೆ ನೋವಿದೆ.

ಮೂರನೆಯ ಬಾರಿ ‘ಪ್ರಯಾಣದ ಖರ್ಚು ಕೊಡುತ್ತೇವೆ’ ಎಂದು ಸೇರಿಸಿದೆ. ಹಳೆಯ ದಾನಿಗಳು ಬೇಸರಪಟ್ಟುಕೊಂಡರು, ಅಪರಿಚಿತನೊಬ್ಬ ಕರೆ ಮಾಡಿ ಎರಡು ಸಾವಿರ ಕೇಳಿದ. ಸುಪ್ರೀಂ ಕೋರ್ಟಿನ ತೀರ್ಪಿನಂತೆ 1998ರ ಜನವರಿ 1ರಿಂದ ಹಣಕ್ಕಾಗಿ ರಕ್ತ ಕೊಡುವುದು ನಿಷಿದ್ಧವಾಗಿರುವುದರಿಂದ, ಆ ಸಾಲನ್ನು ಅಂದೇ ತೆಗೆದುಹಾಕಿದೆ.

ಈ ಮೂರು ಸೋಲುಗಳ ಬಳಿಕ ನಾನು ಕಂಡುಕೊಂಡದ್ದು ಇಷ್ಟು: ಅವಸರವೆಲ್ಲ ಗಂಟೆಯಲ್ಲಿರಬೇಕು, ಮರ್ಯಾದೆ ಕ್ರಿಯಾಪದದಲ್ಲಿರಬೇಕು. ‘ಅರ್ಜೆಂಟ್’, ‘ತಕ್ಷಣ’, ‘ಬೇಗ’ ಎಂಬ ಪದಗಳನ್ನು ತೆಗೆದು ಆ ಜಾಗದಲ್ಲಿ ಸಮಯವನ್ನು ಬರೆದರೆ, ಯಾರನ್ನೂ ಗದರಿಸದೆಯೇ ತುರ್ತು ತಿಳಿಯುತ್ತದೆ. ಹಾಗೆಯೇ ‘ಬೇಕು’ ಎಂಬುದನ್ನು ‘ಬೇಕಾಗಿದೆ’ ಎಂದೂ, ‘ಬನ್ನಿ’ ಎಂಬುದನ್ನು ‘ಬರಲು ಸಾಧ್ಯವೇ?’ ಎಂದೂ ಮಾಡಿದರೆ ಉತ್ತರ ಕೊಡುವ ಅಧಿಕಾರ ಓದುವವರ ಕೈಗೆ ಹೋಗುತ್ತದೆ. ‘ಸಾಧ್ಯವಾದರೆ ಬನ್ನಿ’ ಎಂಬುದೂ ‘ಬರಲು ಸಾಧ್ಯವೇ?’ ಎಂಬುದೂ ಒಂದೇ ಎಂದು ತೋರಬಹುದು. ಆದರೆ ಮೊದಲನೆಯದನ್ನು ಓದಿ ಸುಮ್ಮನಿರಬಹುದು, ಎರಡನೆಯದು ಉತ್ತರವನ್ನು ಕೇಳುತ್ತದೆ.

ಹೋದ ಡೆಂಗಿ ಹಂಗಾಮಿನಲ್ಲಿ ಮೇಲಿನಂಥದೇ ಒಂದು ಮನವಿ ಬಂದಾಗ ನಾನು ಮೊದಲು ಅದನ್ನು ಕಳಿಸಿದ ಹುಡುಗನಿಗೆ ಕರೆ ಮಾಡಿದೆ. ಅವನು ‘ಬ್ಲಡ್’ ಎಂದು ಬರೆದಿದ್ದರೂ ವೈದ್ಯರು ಕೇಳಿದ್ದು ಒಬ್ಬನೇ ದಾನಿಯಿಂದ ಯಂತ್ರದ ಮೂಲಕ ತೆಗೆಯುವ ಪ್ಲೇಟ್‌ಲೆಟ್, ಅಂದರೆ ಎಸ್‌ಡಿಪಿ. ಈ ವ್ಯತ್ಯಾಸ ತಿಳಿಸದಿದ್ದರೆ ಹತ್ತು ನಿಮಿಷದ ಕೆಲಸವೆಂದುಕೊಂಡು ಬಂದ ದಾನಿ ಮುಜುಗರದಿಂದ ಹಿಂದಿರುಗುತ್ತಾನೆ. ಅವನ ಪರವಾಗಿ ನಾನು ಬರೆದದ್ದು ಹೀಗಿತ್ತು:

‘ಬಿ ಪಾಸಿಟಿವ್ ಗುಂಪಿನ ಒಬ್ಬ ಪ್ಲೇಟ್‌ಲೆಟ್ ದಾನಿ ಬೇಕಾಗಿದ್ದಾರೆ: ದಾವಣಗೆರೆ, ಇಂದು ಮಂಗಳವಾರ ಸಂಜೆ 6 ಗಂಟೆಯೊಳಗೆ. ರೋಗಿ ನನ್ನ ತಾಯಿ. ತಪಾಸಣೆಯೂ ಸೇರಿ ಎರಡೂವರೆ ಗಂಟೆಯಷ್ಟು ಹಿಡಿಯಬಹುದು. ಕಳೆದ ಮೂರು ದಿನಗಳಲ್ಲಿ ಆಸ್ಪಿರಿನ್ ಮಾತ್ರೆ ತೆಗೆದುಕೊಂಡಿರದಿದ್ದರೆ, ತಮಗೆ ಬರಲು ಸಾಧ್ಯವೇ? ಆಗದಿದ್ದರೆ ‘ಆಗದು’ ಎಂದು ತಿಳಿಸಿದರೂ ಉಪಕಾರವೇ; ನಾವು ಮುಂದಿನವರನ್ನು ಕೇಳುತ್ತೇವೆ. ಊಟ ಮಾಡಿಕೊಂಡೇ ಬನ್ನಿ. ರಕ್ತನಿಧಿ ಮೊದಲನೆಯ ಮಹಡಿಯಲ್ಲಿದೆ. ಸಂಜೆ 6ರ ನಂತರ ಈ ಮನವಿಯನ್ನು ಯಾರಿಗೂ ಕಳಿಸುವ ಅಗತ್ಯವಿಲ್ಲ.’

ಇದರಲ್ಲಿ ಒಂದು ‘ಬನ್ನಿ’ಯನ್ನು ನಾನು ಉದ್ದೇಶಪೂರ್ವಕವಾಗಿಯೇ ಉಳಿಸಿದ್ದೇನೆ. ‘ಊಟ ಮಾಡಿಕೊಂಡೇ ಬನ್ನಿ’ ಎಂಬುದು ಕೇಳುವವರ ಒಳಿತಿಗಾಗಿ ಹೇಳಿದ ಮಾತಾದ್ದರಿಂದ ಅಲ್ಲಿ ಆಜ್ಞಾರೂಪ ಆದರದ ಮಾತಾಗುತ್ತದೆ, ಮನೆಗೆ ಬಂದವರಿಗೆ ‘ಕುಳಿತುಕೊಳ್ಳಿ’ ಎಂದಂತೆ. ಅದನ್ನೂ ‘ಊಟ ಮಾಡಿ ಬರಲು ಸಾಧ್ಯವೇ’ ಎಂದು ತಿದ್ದಿದರೆ ವಿಚಿತ್ರವಾಗಿ ಕೇಳುತ್ತದೆ. ನಮಗಾಗಿ ಕೇಳುವುದು ಪ್ರಶ್ನೆಯಾಗಿರಲಿ, ಅವರಿಗಾಗಿ ಹೇಳುವುದು ನೇರವಾಗಿರಲಿ ಎಂಬುದು ನನ್ನ ಪದ್ಧತಿ.

ಅಂದು ಸುಮಾರು ಮೂವತ್ತು ಜನರಿಗೆ ಕಳಿಸಿದ್ದೆ. ಒಂದು ಗಂಟೆಯೊಳಗೆ ಹದಿನೆಂಟೋ ಇಪ್ಪತ್ತೋ ಉತ್ತರಗಳು ಬಂದವು. ಹೆಚ್ಚಿನವು ‘ಆಗದು’ ಎಂಬವು. ಆದರೆ ‘ಆಗದು’ ಎಂದವರಿಗೆ ಮತ್ತೆ ಕರೆ ಮಾಡುವ ಕೆಲಸ ಉಳಿಯಲಿಲ್ಲ, ಮೂವರು ಒಪ್ಪಿದರು, ಎರಡನೆಯವರ ಪ್ಲೇಟ್‌ಲೆಟ್ ಸಂಖ್ಯೆ ಒಂದೂವರೆ ಲಕ್ಷಕ್ಕಿಂತ ಮೇಲಿದ್ದು, ತೋಳಿನ ರಕ್ತನಾಳವೂ ಸರಿಯಾಗಿದ್ದುದರಿಂದ ಐದು ಗಂಟೆಗೆ ಕೆಲಸ ಮುಗಿಯಿತು. ಹಿಂದೆ ಒಬ್ಬ ದಾನಿಗಾಗಿ ಐವತ್ತು ಅರವತ್ತು ಕರೆ ಮಾಡುತ್ತಿದ್ದೆ. ಈಗ ಹದಿನೈದರ ಆಸುಪಾಸಿನಲ್ಲಿ ಮುಗಿಯುತ್ತದೆ. ಈ ಲೆಕ್ಕದ ಬಗ್ಗೆ ನನಗೆ ಹೆಮ್ಮೆಯಿದೆ.

ಆಡುಮಾತಿನಲ್ಲಿ ಬರೆದು ನೋಡುವ ಪ್ರಯೋಗವನ್ನೂ ಮಾಡಿದ್ದೇನೆ. ನಮ್ಮೂರು ಎರಡು ಬಗೆಯ ಕನ್ನಡ ಸೇರುವ ಜಾಗ. ಉತ್ತರದ ಕಡೆಯವರಿಗೆ ‘ಬರ್ತೀರೇನ್ರಿ?’ ಎಂದೂ, ದಕ್ಷಿಣದವರಿಗೆ ‘ಬರೋಕಾಗುತ್ತಾ?’ ಎಂದೂ ಕಳಿಸಿದೆ. ಧ್ವನಿಯಲ್ಲಿ ಹೇಳಿದಾಗ ಎರಡೂ ಚೆನ್ನಾಗಿದ್ದವು. ಬರಹದಲ್ಲಿ ಮಾತ್ರ ಅಪರಿಚಿತರಿಗೆ ಸಲುಗೆ ಹೆಚ್ಚಾಯಿತೆಂದು ತೋರಿತು. ಹಾಗಾಗಿ ಬರಹಕ್ಕೆ ಗ್ರಾಂಥಿಕ ರೂಪ, ಕರೆಗೆ ಆಡುಮಾತು ಎಂದು ಇಟ್ಟುಕೊಂಡಿದ್ದೇನೆ. ರಾತ್ರಿ ಹತ್ತರ ನಂತರ ಕರೆ ಮಾಡುವಾಗ ನಾನು ಮೊದಲು ಹೇಳುವ ವಾಕ್ಯವೊಂದಿದೆ. ಅದನ್ನು ನಮ್ಮ ಬಳಗದವರಿಗೆ ಮಾತ್ರ ಹೇಳಿಕೊಟ್ಟಿದ್ದೇನೆ, ಎಲ್ಲರೂ ಬಳಸಿದರೆ ಅದರ ಬಲ ಹೋಗುತ್ತದೆ.

ಅಪರೂಪದ ಗುಂಪುಗಳಿಗೆ ಈ ವಿಧಾನ ಸಾಲದು. ಒ ನೆಗೆಟಿವ್ ಬೇಕಾದಾಗ ನಮ್ಮ ಪಟ್ಟಿಯಲ್ಲಿ ಇರುವವರೇ ಹತ್ತು ಜನ. ಹಿಂದಿನ ರಕ್ತದಾನದಿಂದ ಅವರಲ್ಲಿ ಗಂಡಸರಾದರೆ 90, ಹೆಂಗಸರಾದರೆ 120 ದಿನಗಳ ಅಂತರ ಮುಗಿದಿರಬೇಕು. ಅಂಥ ಸಂದರ್ಭದಲ್ಲಿ ನಾನು ಬರೆಯುತ್ತ ಕೂರುವುದಿಲ್ಲ, ಪಟ್ಟಿ ತೆಗೆದು ನೇರವಾಗಿ ಒಬ್ಬೊಬ್ಬರಿಗೆ ಕರೆ ಮಾಡುತ್ತೇನೆ. ಕೆಲಸ ಮುಗಿದೊಡನೆ, ಒಪ್ಪಿಯೂ ಬರಬೇಕಾಗದ ದಾನಿಗಳಿಗೆ ‘ಅಗತ್ಯ ಪೂರೈಸಿದೆ, ತಾವು ಹೊರಡುವುದು ಬೇಡ’ ಎಂದು ಮೊದಲು ತಿಳಿಸಿ, ಆಮೇಲೆ ರೋಗಿಯ ಮನೆಯವರ ಬಳಿ ಹೋಗುತ್ತೇನೆ.